ಅಕ್ಷರವೆಲ್ಲ ಸರಿ, ಫೋನ್ ನಂಬರ್ ಮಾತ್ರ ಪಕ್ಕದವರದು: ಕ್ಲಾಸಿಫೈಡ್ಸ್ ಫೋಟೊ ಬಿಡಿಸುವಾಗ ಆಗುವುದೇನು?

ಪೇಪರಿನ ಕ್ಲಾಸಿಫೈಡ್ಸ್ ಪುಟದ ಒಂದು ಫೋಟೊ ಕೊಟ್ಟರೆ ಸಾಕು, ಜಾಹೀರಾತುಗಳೆಲ್ಲ ಬಿಡಿಬಿಡಿಯಾಗಿ ಬರುತ್ತವೆ, ಫೋನ್ ನಂಬರ್‌ಗೆ ಒಂದು ಕಾಲಂ, ಬೆಲೆಗೆ ಇನ್ನೊಂದು. ಹೊಸ ಸಾಫ್ಟ್‌ವೇರ್‌ಗಳ ಸುದ್ದಿಯಲ್ಲಿ ಈ ಮಾತು ಈಗ ಮಾಮೂಲು. ಅದರ ಬೆನ್ನಿಗೇ 'ಅಕ್ಷರ ಗುರುತಿಸುವುದರಲ್ಲಿ 98 ಪರ್ಸೆಂಟ್ ನಿಖರ' ಅನ್ನುವಂಥ ಅಂಕಿಯೂ ಇರುತ್ತದೆ. ಬಳಸಿ ನೋಡಿದವರ ದೂರು ಮಾತ್ರ ಬೇರೆಯೇ. ಚಾಲಕನ ಕೆಲಸಕ್ಕೆ ಅಂತ ಫೋನ್ ಮಾಡಿದರೆ ಹೊಲಿಗೆ ಯಂತ್ರ ಮಾರುವವರು ಎತ್ತುತ್ತಾರೆ. ಬಾಡಿಗೆ ಎಷ್ಟು ಅಂತ ನೋಡಿದರೆ ಮುಂಗಡದ ಮೊತ್ತ ಕಾಣುತ್ತದೆ.

ಹಾಗಾದರೆ ಆ 98 ಸುಳ್ಳಾ? ಸುಳ್ಳಲ್ಲ. ಆದರೆ ಅದು ಅಕ್ಷರದ ಲೆಕ್ಕ, ಜಾಹೀರಾತಿನ ಲೆಕ್ಕವಲ್ಲ. ಗೊಂದಲವೆಲ್ಲ ಹುಟ್ಟುವುದು ಇಲ್ಲೇ. ಓದುವುದು ಒಂದು ಕೆಲಸ, ಓದಿದ್ದರಲ್ಲಿ ಯಾವುದು ಯಾರದು ಅಂತ ಬೇರ್ಪಡಿಸುವುದು ಇನ್ನೊಂದು ಕೆಲಸ. ಎರಡನೆಯದೇ ಹೆಚ್ಚು ಕಷ್ಟದ್ದು, ಸುದ್ದಿಯಲ್ಲಿ ಬರದೇ ಇರುವುದೂ ಅದೇ.

98 ಅಂದರೆ ನಿಜಕ್ಕೂ ಎಷ್ಟು?

ಮೊದಲು ಓದುವ ಕೆಲಸವನ್ನೇ ನೋಡೋಣ. ನೂರು ಅಕ್ಷರದಲ್ಲಿ ಎರಡು ತಪ್ಪು ಅಂದರೆ ಕೇಳಲು ಚೆನ್ನಾಗಿದೆ. ಕಥೆಯನ್ನೋ ವರದಿಯನ್ನೋ ಓದುವಾಗ ಅಷ್ಟು ತಪ್ಪು ಕಣ್ಣಿಗೇ ಬೀಳುವುದಿಲ್ಲ. 'ಬಾಡಿಗಗೆ' ಅಂತಿದ್ದರೂ ನಾವು 'ಬಾಡಿಗೆಗೆ' ಅಂತಲೇ ಓದಿಕೊಳ್ಳುತ್ತೇವೆ. ನಿಘಂಟು ಇಟ್ಟುಕೊಂಡ ತಂತ್ರಾಂಶವೂ ತಾನೇ ತಿದ್ದಿಕೊಳ್ಳಬಲ್ಲದು.

ಫೋನ್ ನಂಬರ್‌ಗೆ ನಿಘಂಟಿಲ್ಲ. ಹತ್ತು ಅಂಕಿಯ ನಂಬರ್ ಸರಿಯಾಗಬೇಕಾದರೆ ಹತ್ತೂ ಅಂಕಿ ಸರಿಯಿರಬೇಕು. ಪ್ರತಿ ಅಂಕಿ ಸರಿಯಾಗುವ ಸಾಧ್ಯತೆ 0.98 ಆದರೆ, ಅದನ್ನು ಹತ್ತು ಸಲ ಗುಣಿಸಿದಾಗ ಬರುವುದು ಸುಮಾರು 0.82. ಅಂದರೆ ನೂರು ಜಾಹೀರಾತಿನಲ್ಲಿ ಹದಿನೆಂಟರ ನಂಬರ್ ಕೆಟ್ಟಿರುತ್ತದೆ. ನಿಖರತೆ 99.5ಕ್ಕೆ ಏರಿದರೂ ನೂರಕ್ಕೆ ಐದು ನಂಬರ್ ತಪ್ಪೇ. ವಾಸ್ತವದಲ್ಲಿ ತಪ್ಪುಗಳು ಇಷ್ಟು ಸಮವಾಗಿ ಹರಡಿರುವುದಿಲ್ಲ ಅನ್ನುವುದು ನಿಜ. ಪೇಪರ್ ಮಡಚಿದ ಗೆರೆ, ಕೈಯ ನೆರಳು ಬಿದ್ದ ಮೂಲೆ, ಇಂಥ ಕಡೆ ಒಟ್ಟಾಗಿ ಸೇರಿರುತ್ತವೆ. ಆದರೂ ಅಂದಾಜಿಗೆ ಈ ಲೆಕ್ಕ ಸಾಕು.

ಇನ್ನೊಂದು ತೊಡಕಿದೆ. ಪುಸ್ತಕದ ಐಎಸ್‌ಬಿಎನ್‌ನಲ್ಲಿ, ಬ್ಯಾಂಕ್ ಕಾರ್ಡಿನ ನಂಬರ್‌ನಲ್ಲಿ ಕೊನೆಯ ಅಂಕಿ ತಾಳೆ ನೋಡುವುದಕ್ಕೆಂದೇ ಇರುತ್ತದೆ. ಒಂದಂಕಿ ತಪ್ಪಿದರೆ ಲೆಕ್ಕ ಕೂಡುವುದಿಲ್ಲ, ಕೂಡಲೇ ಗೊತ್ತಾಗುತ್ತದೆ. ಫೋನ್ ನಂಬರ್‌ನಲ್ಲಿ ಆ ಸೌಲಭ್ಯ ಇಲ್ಲ. 3 ಹೋಗಿ 8 ಆದರೆ ಅದೂ ಒಂದು ಒಳ್ಳೆಯ ನಂಬರೇ, ಇನ್ಯಾರದ್ದೋ. ಅಂಕಿ ಎಷ್ಟಿವೆ, ಯಾವುದರಿಂದ ಶುರುವಾಗುತ್ತದೆ ಅಂತ ಪರೀಕ್ಷಿಸುವ libphonenumber ತರಹದ ಸಾಧನಗಳಿವೆ. ಅವು ಒಂದಂಕಿ ಬಿಟ್ಟುಹೋದದ್ದನ್ನು ಹಿಡಿಯುತ್ತವೆ, ನಡುವಿನ ಒಂದಂಕಿ ಬದಲಾದದ್ದನ್ನು ಹಿಡಿಯುವುದಿಲ್ಲ.

ಫೋಟೊದಲ್ಲೇ ಅರ್ಧ ಸೋಲು

ಕ್ಲಾಸಿಫೈಡ್ಸ್ ಅಕ್ಷರ ಬಹಳ ಸಣ್ಣದು. ಅಮೆರಿಕದ ಪತ್ರಿಕೆಗಳಲ್ಲಿ ಇದಕ್ಕೆ ಹಿಂದಿನಿಂದ ಬಳಸುತ್ತಿದ್ದ ಅಗೇಟ್ ಅಕ್ಷರದ ಅಳತೆ ಸುಮಾರು 5.5 ಪಾಯಿಂಟ್. ಒಂದು ಇಂಚಿಗೆ 72 ಪಾಯಿಂಟ್ ಅಂತ ನೆನಪಿಟ್ಟುಕೊಂಡು ಲೆಕ್ಕ ಹಾಕೋಣ. ದೊಡ್ಡ ಪುಟದ ಎತ್ತರ 22 ಇಂಚು ಅಂತಿಟ್ಟುಕೊಳ್ಳಿ. 12 ಮೆಗಾಪಿಕ್ಸೆಲ್ ಫೋನಿನ ಫೋಟೊದ ಉದ್ದದ ಕಡೆ 4000 ಪಿಕ್ಸೆಲ್. ಇಡೀ ಪುಟ ಒಂದೇ ಫೋಟೊದಲ್ಲಿ ಹಿಡಿದರೆ ಇಂಚಿಗೆ ಸಿಗುವುದು ಸುಮಾರು 180 ಪಿಕ್ಸೆಲ್. 5.5 ಪಾಯಿಂಟಿನ ಸಾಲಿಗೆ 14 ಪಿಕ್ಸೆಲ್ಲೂ ಪೂರ್ತಿ ಇಲ್ಲ. ಅದರೊಳಗಿನ ಸಣ್ಣ ಇಂಗ್ಲಿಷ್ ಅಕ್ಷರಕ್ಕೆ ಆರೋ ಏಳೋ. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದಲ್ಲ, ಅದಕ್ಕೆ ಉಳಿಯುವುದು ಇನ್ನೂ ಕಡಿಮೆ.

ಟೆಸರಾಕ್ಟ್‌ನಂಥ ಚಿತ್ರದಿಂದ ಅಕ್ಷರ ಓದುವ ಓಸಿಆರ್ ಸಾಧನಕ್ಕೆ ಇಂಚಿಗೆ 300 ಚುಕ್ಕಿಯಾದರೂ ಇರಲಿ ಅನ್ನುವುದು ಅದನ್ನು ಮಾಡಿದವರದೇ ಸಲಹೆ. ಹಾಗಾಗಿ ಪುಟವನ್ನು ನಾಲ್ಕು ಭಾಗ ಮಾಡಿ ನಾಲ್ಕು ಫೋಟೊ ತೆಗೆದರೆ ಆ ಮಟ್ಟ ದಾಟುತ್ತದೆ. ಆಮೇಲೆ ಸಾಫ್ಟ್‌ವೇರಿನಲ್ಲಿ ಚಿತ್ರ ಹಿಗ್ಗಿಸಿದರೆ ಅಷ್ಟೇ ಫಲ ಸಿಗಲ್ಲ. ಕ್ಯಾಮೆರಾ ಹಿಡಿಯದೇ ಇದ್ದದ್ದು ಹಿಗ್ಗಿಸಿದರೆ ಎಲ್ಲಿಂದ ಬರಬೇಕು?

ಎರಡನೆಯ ಪೆಟ್ಟು ಓರೆಯಿಂದ. ಕಾಲಂಗಳನ್ನು ಬೇರ್ಪಡಿಸುವ ಹಳೆಯ ಉಪಾಯ ಸರಳವಾಗಿದೆ. ಮೇಲಿಂದ ಕೆಳಗಿನವರೆಗೆ ಮಸಿಯೇ ಇಲ್ಲದ ಬಿಳಿ ಪಟ್ಟಿ ಎಲ್ಲಿದೆ ಹುಡುಕು, ಅಲ್ಲಿ ಕತ್ತರಿಸು. ಹೀಗೆ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಬಿಳಿ ಜಾಗ ಹುಡುಕಿ ಸೀಳುತ್ತಾ ಹೋಗುವ ಕ್ರಮವನ್ನು ಜಾರ್ಜ್ ನೇಗಿ ಮತ್ತು ಶರದ್ ಸೇಠ್ 1984ರಲ್ಲೇ ವಿವರಿಸಿದ್ದರು. ಸ್ಕ್ಯಾನರಿನಿಂದ ನೆಟ್ಟಗೆ ಬಂದ ಪುಟಕ್ಕೆ ಇವತ್ತಿಗೂ ಇದು ಒಳ್ಳೆಯ ಉಪಾಯ. ಕೈಯಲ್ಲಿ ತೆಗೆದ ಫೋಟೊಗೆ ಹೀಗೇ ಹಚ್ಚಿದರೆ ಕೈಕೊಡುತ್ತದೆ. ಒಂದೇ ಒಂದು ಡಿಗ್ರಿ ಓರೆಯಾದರೂ 4000 ಪಿಕ್ಸೆಲ್ ಎತ್ತರದಲ್ಲಿ ಮೇಲಿನ ತುದಿಗೂ ಕೆಳಗಿನ ತುದಿಗೂ ಸುಮಾರು 70 ಪಿಕ್ಸೆಲ್ ವ್ಯತ್ಯಾಸ ಬೀಳುತ್ತದೆ. ಎರಡು ಕಾಲಂ ನಡುವಿನ ಬಿಳಿ ಜಾಗ ಇಂಚಿನ ಎಂಟನೇ ಒಂದು ಭಾಗ ಅಂದುಕೊಂಡರೂ ಅದು 23 ಪಿಕ್ಸೆಲ್ ಅಗಲ ಅಷ್ಟೇ. ನೆಟ್ಟಗೆ ಕೆಳಗೆ ಇಳಿಯುವ ಗೆರೆ ಎಲ್ಲೋ ಒಂದು ಕಡೆ ಅಕ್ಷರಕ್ಕೆ ತಗುಲಿಯೇ ತಗುಲುತ್ತದೆ. ಬಿಳಿ ಪಟ್ಟಿ ಇಲ್ಲ ಅಂತ ತೀರ್ಮಾನವಾಗುತ್ತದೆ.

ಕಾಲಂ ಬೇರೆಯಾಗದಿದ್ದರೆ ಏನಾಗುತ್ತದೆ ಅಂತ ಗುರುತಿಸುವುದು ಸುಲಭ. ಮೊದಲ ಕಾಲಂನ ಸಾಲು ಮುಗಿದ ಕೂಡಲೇ ಎರಡನೆಯ ಕಾಲಂನ ಸಾಲು ಅಂಟಿಕೊಂಡು ಬರುತ್ತದೆ. 'ಮೊದಲ ಮಹಡಿ, 24 ಗಂಟೆ ಅನುಭವ ಇರುವ ಹಸು' ಅಂತ ಓದಿದಾಗ ಯಾರಿಗಾದರೂ ತಿಳಿಯುತ್ತದೆ. ಹಾಗಾಗಿ ಮೊದಲು ಓರೆ ತಿದ್ದಬೇಕು. ಕಾಲಂ ನಡುವೆ ಅಚ್ಚಾದ ತೆಳು ಗೆರೆ ಇದ್ದರೆ ಅದೇ ಒಳ್ಳೆಯ ದಾರಿದೀಪ. ಆಮೇಲೆ ಕಾಲಂ ಕತ್ತರಿಸಿ, ಪ್ರತಿ ಕಾಲಂನ ಓರೆಯನ್ನು ಇನ್ನೊಮ್ಮೆ ಬೇರೆಯಾಗಿ ತಿದ್ದಬೇಕು. ಪೇಪರ್ ಉಬ್ಬಿಕೊಂಡಿದ್ದರೆ ಎಡಗಡೆಯ ಓರೆ, ಬಲಗಡೆಯ ಓರೆ ಒಂದೇ ಇರುವುದಿಲ್ಲ. ಕಾಲಂ ಅಗಲ ಕಡಿಮೆ ಇರುವುದರಿಂದ ಅದರೊಳಗೆ ಸಾಲು ಹೆಚ್ಚುಕಡಿಮೆ ನೆಟ್ಟಗೇ ಇರುತ್ತದೆ. ಬಳಿಕ ಒಂದೊಂದೇ ಕಾಲಂ ಓದಿಸಬಹುದು:

```
tesseract col3.png col3 -l kan+eng --psm 6 tsv
```

ಇಲ್ಲಿ `--psm 6` ಅಂದರೆ 'ಇದು ಒಂದೇ ಸಮನೆ ಹೋಗುವ ಒಂದು ಬ್ಲಾಕ್' ಅಂತ ಹೇಳಿದ ಹಾಗೆ. ಕತ್ತರಿಸಿದ ಕಾಲಂಗೆ ಇದು ಸರಿಯಾದ ಮಾತು, ಇಡೀ ಪುಟಕ್ಕೆ ತಪ್ಪು ಮಾತು. `tsv` ಅಂತ ಕೇಳಿದ್ದಕ್ಕೂ ಕಾರಣವಿದೆ. ಬರೀ ಪದ ಸಾಲದು, ಆ ಪದ ಚಿತ್ರದಲ್ಲಿ ಎಲ್ಲಿತ್ತು, ಎಷ್ಟು ಭರವಸೆಯಿಂದ ಓದಿದೆ ಅನ್ನುವುದೂ ಬೇಕು. ಮುಂದಿನ ಹಂತ ನಿಂತಿರುವುದೇ ಅದರ ಮೇಲೆ.

ಒಂದು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರು?

ಸುತ್ತ ಬಾಕ್ಸ್ ಇರುವ ಜಾಹೀರಾತು ತಲೆನೋವಲ್ಲ. ಗೆರೆ ಹಿಡಿದು ಕತ್ತರಿಸಿದರೆ ಆಯಿತು. ಕಷ್ಟವೆಲ್ಲ ಸಾಲು ಲೆಕ್ಕದಲ್ಲಿ ದುಡ್ಡು ಕೊಟ್ಟು ಹಾಕಿಸುವ, ಒಂದರ ಕೆಳಗೊಂದು ಒತ್ತಿ ಜೋಡಿಸಿದ ಪುಟ್ಟ ಜಾಹೀರಾತುಗಳದ್ದು. ಉದಾಹರಣೆಗೆ ಒಂದು ಕಾಲಂನ ಎಂಟು ಸಾಲು ಇಲ್ಲಿವೆ. ನಂಬರ್‌ಗಳು ಯಾರದ್ದೂ ಅಲ್ಲ, ಕಾಲ್ಪನಿಕ ಬಳಕೆಗೆಂದೇ ಮೀಸಲಿಟ್ಟ ಸರಣಿಯವು.

```
1  ಬಾಡಿಗೆಗೆ 2 ಕೋಣೆ ಮನೆ, 1ನೇ ಮಹಡಿ,
2  24 ಗಂಟೆ ನೀರು. ಬಾಡಿಗೆ 9500,
3  ಮುಂಗಡ 60000. 555-0142
4  ಮಾರಾಟಕ್ಕೆ ಹೊಲಿಗೆ ಯಂತ್ರ, 2019ರ
5  ಮಾದರಿ, ಬೆಲೆ 7500. 555-0167,
6  555-0168
7  ಬೇಕಾಗಿದ್ದಾರೆ ಚಾಲಕ, 5 ವರ್ಷ
8  ಅನುಭವ. ಸಂಜೆ 6ರ ನಂತರ 555-0119
```

ಇದನ್ನು ನೋಡಿದ ಯಾರಿಗೂ ಮೊದಲು ಹೊಳೆಯುವ ನಿಯಮ: ಜಾಹೀರಾತು ಫೋನ್ ನಂಬರ್‌ನಿಂದ ಮುಗಿಯುತ್ತದೆ, ನಂಬರ್ ಬಂದ ಕೂಡಲೇ ಕತ್ತರಿಸು. 3ನೇ ಸಾಲಿನಲ್ಲಿ ಇದು ಸರಿಯಾಗಿ ಕೆಲಸ ಮಾಡುತ್ತದೆ. 5ನೇ ಸಾಲಿನಲ್ಲಿ 555-0167 ಸಿಕ್ಕಿತು, ಕತ್ತರಿ ಬಿತ್ತು. ಹೊಲಿಗೆ ಯಂತ್ರದವರ ಎರಡನೇ ನಂಬರ್ ಅನಾಥವಾಗಿ 6ನೇ ಸಾಲಿನಲ್ಲಿ ಉಳಿಯಿತು. ಬರೀ ನಂಬರ್ ಒಂದೇ ಜಾಹೀರಾತಾಗಲಾರದು ಅಂತ ಅದನ್ನು ಮುಂದಿನದಕ್ಕೆ ಸೇರಿಸಿದರೆ, ಅದು ಹೋಗಿ ಚಾಲಕ ಬೇಕಾಗಿದ್ದಾರೆ ಅನ್ನುವ ಜಾಹೀರಾತಿನ ತಲೆಗೆ ಕೂತಿತು. ಈಗ ಆ ಜಾಹೀರಾತಿನಲ್ಲಿ ಎರಡು ನಂಬರ್. 'ಮೊದಲು ಸಿಕ್ಕಿದ್ದನ್ನು ಸಂಪರ್ಕಕ್ಕೆ ತಗೋ' ಅಂತ ಇನ್ನೊಂದು ನಿಯಮ ಇದ್ದರೆ, ಚಾಲಕನ ಕೆಲಸಕ್ಕೆ ಹಾಕಿದವರ ನಂಬರ್ ಜಾಗದಲ್ಲಿ 555-0168 ಬರುತ್ತದೆ.

ಇಲ್ಲಿ ಗಮನಿಸಬೇಕಾದ್ದು, ಒಂದಕ್ಷರವೂ ತಪ್ಪಾಗಿ ಓದಿಲ್ಲ. ಅಕ್ಷರದ ನಿಖರತೆ ನೂರಕ್ಕೆ ನೂರು. ಮೂರು ಜಾಹೀರಾತು, ಮೂರಕ್ಕೂ ನಂಬರ್ ಇದೆ, ಎಲ್ಲವೂ ಸರಿಯಾದ ರೂಪದಲ್ಲಿವೆ. ಪಟ್ಟಿ ನೋಡಿದವರಿಗೆ ಅನುಮಾನ ಬರಲು ಕಾರಣವೇ ಇಲ್ಲ. ಓದುವಾಗಿನ ತಪ್ಪು ಒಂದು ಜಾಹೀರಾತನ್ನು ಕೆಡಿಸುತ್ತದೆ, ಕತ್ತರಿಸುವಾಗಿನ ತಪ್ಪು ಹೆಚ್ಚಾಗಿ ಅಕ್ಕಪಕ್ಕದ ಎರಡನ್ನು ಕೆಡಿಸುತ್ತದೆ.

ಹಾಗಾಗಿ ಒಂದೇ ಸುಳಿವನ್ನು ನಂಬಬಾರದು. ಪುಟ ಜೋಡಿಸುವವರು ಓದುಗರ ಕಣ್ಣಿಗೆ ಅಂತಲೇ ಬೇರೆ ಗುರುತುಗಳನ್ನೂ ಬಿಟ್ಟಿರುತ್ತಾರೆ. ಮೊದಲ ಪದ ದಪ್ಪಕ್ಷರದಲ್ಲಿರುತ್ತದೆ, ಮೇಲಿನ ಉದಾಹರಣೆಯಲ್ಲೂ ಹಾಗೇ ಅಂತಿಟ್ಟುಕೊಳ್ಳಿ. ಕೊನೆಯ ಸಾಲು ಬಹಳ ಸಲ ಕಾಲಂನ ಬಲ ಅಂಚಿನವರೆಗೆ ಬರುವುದಿಲ್ಲ. ನಡುವೆ ಕೂದಲೆಳೆಯ ಗೆರೆಯೋ ಸ್ವಲ್ಪ ಜಾಸ್ತಿ ಬಿಳಿಯೋ ಇರಬಹುದು. ಇವನ್ನೆಲ್ಲ ಕೂಡಿಸಿ ತೂಗಬೇಕು. 6 ಮತ್ತು 7ನೇ ಸಾಲಿನ ನಡುವೆ ನೋಡಿ: ನಂಬರ್‌ನಿಂದ ಮುಗಿದಿದೆ, ಸಾಲು ಗಿಡ್ಡಾಗಿದೆ, ಮುಂದಿನ ಸಾಲು ದಪ್ಪ ಪದದಿಂದ ಶುರು. ಮೂರೂ ಸುಳಿವು 'ಕತ್ತರಿಸು' ಅನ್ನುತ್ತವೆ. 5 ಮತ್ತು 6ರ ನಡುವೆ ನಂಬರ್ ಇದೆ, ಆದರೆ ಅದರ ಮುಂದೆ ಅಲ್ಪವಿರಾಮ ಇದೆ, ಸಾಲು ಅಂಚಿನವರೆಗೆ ತುಂಬಿದೆ, ಮುಂದಿನ ಸಾಲಿನಲ್ಲಿ ದಪ್ಪ ಪದವಿಲ್ಲ. ಒಂದರ ಎದುರು ಮೂರು. ಕತ್ತರಿಸಬಾರದು.

ದಪ್ಪಕ್ಷರ ಗುರುತಿಸಲು ವಿಶೇಷ ವಿದ್ಯೆ ಬೇಕಿಲ್ಲ. ಪದದ ಚೌಕದೊಳಗೆ ಮಸಿಯ ಪಾಲು ಎಷ್ಟು ಅಂತ ಎಣಿಸಿ ಅದೇ ಸಾಲಿನ ಉಳಿದ ಪದಗಳೊಂದಿಗೆ ಹೋಲಿಸಿದರೆ ಸಾಕು. ಆದರೆ ಪಿಕ್ಸೆಲ್ ಕಡಿಮೆ ಇದ್ದಾಗ ತೆಳು ಗೆರೆಯೂ ಒಂದೆರಡು ಪಿಕ್ಸೆಲ್, ದಪ್ಪ ಗೆರೆಯೂ ಒಂದೆರಡು ಪಿಕ್ಸೆಲ್. ವ್ಯತ್ಯಾಸ ಅಳಿಸಿಹೋಗುತ್ತದೆ. ಫೋಟೊ ತೆಗೆಯುವಾಗ ತೋರಿದ ಅವಸರ ಇಲ್ಲಿ ಬಂದು ಕಾಡುತ್ತದೆ.

ಬೆಲೆ ಅಂದರೆ ಯಾವ ಅಂಕಿ?

ಅದೇ ಎಂಟು ಸಾಲಿನಲ್ಲಿ ಫೋನ್ ಬಿಟ್ಟು ಇನ್ನೆಷ್ಟು ಅಂಕಿಗಳಿವೆ ನೋಡಿ: ಕೋಣೆ, ಮಹಡಿ, ಗಂಟೆ, ಬಾಡಿಗೆ, ಮುಂಗಡ, ಇಸವಿ, ಬೆಲೆ, ವರ್ಷ, ಸಮಯ. 'ದೊಡ್ಡ ಅಂಕಿಯೇ ಬೆಲೆ' ಅಂದರೆ ಮನೆಗೆ 60000 ಬರುತ್ತದೆ, ಅದು ಮುಂಗಡ. 'ಮೊದಲು ಸಿಕ್ಕ ನಾಲ್ಕಂಕಿ' ಅಂದರೆ ಹೊಲಿಗೆ ಯಂತ್ರ 2019ಕ್ಕೆ ಸಿಗುತ್ತದೆ!

ಕೆಲಸಕ್ಕೆ ಬರುವ ದಾರಿ, ಅಂಕಿಯ ಪಕ್ಕದ ಪದ ನೋಡುವುದು. 'ಬೆಲೆ', 'ಬಾಡಿಗೆ', 'ಮುಂಗಡ' ಅಂಕಿಗಿಂತ ಮೊದಲು ಬಂದರೆ ಅದು ಹಣ. 'ಮಾದರಿ', 'ಗಂಟೆ', 'ವರ್ಷ' ಅಂಕಿಯ ನಂತರ ಬಂದರೆ ಅಲ್ಲ. ಅದಕ್ಕಿಂತ ಮುಖ್ಯ, ಬೆಲೆಗೆ ಒಂದೇ ಖಾನೆ ಇಡಬಾರದು. ತಿಂಗಳ ಬಾಡಿಗೆಯೂ ಮಾರಾಟದ ಬೆಲೆಯೂ ಒಂದೇ ಕಾಲಂನಲ್ಲಿ ಕೂತರೆ, 'ಕಡಿಮೆಯಿಂದ ಹೆಚ್ಚಿಗೆ' ಅಂತ ಜೋಡಿಸಿದಾಗ ಪಟ್ಟಿಗೆ ಅರ್ಥವೇ ಇರುವುದಿಲ್ಲ. ಹೊಲಿಗೆ ಯಂತ್ರದ ದಾಖಲೆ ಹೀಗಿರಬಹುದು:

```json
{
  "box": [1210, 640, 1795, 742],
  "phones": ["555-0167", "555-0168"],
  "price_text": "ಬೆಲೆ 7500",
  "price_value": 7500,
  "price_kind": "sale"
}
```

`box` ಅಂದರೆ ಫೋಟೊದಲ್ಲಿ ಆ ಜಾಹೀರಾತು ಇದ್ದ ಜಾಗ. `price_text` ಅಚ್ಚಾದದ್ದು ಅಚ್ಚಾದ ಹಾಗೆ. `price_value` ನಾವು ಅರ್ಥ ಮಾಡಿಕೊಂಡದ್ದು. ಎರಡನ್ನೂ ಇಟ್ಟುಕೊಂಡರೆ ಅರ್ಥ ಮಾಡಿಕೊಂಡದ್ದು ತಪ್ಪಾದಾಗ ಹಿಂದೆ ಹೋಗಿ ನೋಡಬಹುದು. ಕೆಲವು ದೇಶಗಳಲ್ಲಿ 9.500 ಅಂದರೆ ಒಂಬತ್ತು ಸಾವಿರದ ಐನೂರು, ಇನ್ನು ಕೆಲವೆಡೆ ಒಂಬತ್ತೂವರೆ. ಮೂಲ ಉಳಿಸದೇ ಇದ್ದರೆ ಇದು ಬಗೆಹರಿಯುವುದಿಲ್ಲ. ಚಾಲಕನ ಜಾಹೀರಾತಿಗೆ ಬೆಲೆಯೇ ಇಲ್ಲ. ಅಲ್ಲಿ ಖಾನೆ ಖಾಲಿ ಇರಬೇಕು, ಸೊನ್ನೆ ಇರಬಾರದು. ಸೊನ್ನೆ ಅಂದರೆ ಪುಕ್ಕಟೆ ಅಂತಾಗುತ್ತದೆ.

ಕನ್ನಡ ಪುಟಕ್ಕೆ ಒಂದು ಹೆಚ್ಚುವರಿ ಕಾಟ ಇದೆ. ಕನ್ನಡದ ಸೊನ್ನೆ ೦, ಅನುಸ್ವಾರ ಂ, ಎರಡೂ ನೋಡಲು ಒಂದೇ. ೯೫೦೦ ಅನ್ನುವುದು ೯೫ಂಂ ಆಗಿ ಬಂದರೆ ಮನುಷ್ಯರ ಕಣ್ಣಿಗೆ ಏನೂ ಆಗಿಲ್ಲ, ಯಂತ್ರಕ್ಕೆ ಬೆಲೆ 95. ಅಂಕಿಯ ಬೆನ್ನಿಗೆ ಅನುಸ್ವಾರ ಬಂದರೆ ಸೊನ್ನೆ ಅಂತ ಬದಲಿಸುವ ಒಂದು ಪುಟ್ಟ ನಿಯಮ ಬೇಕೇ ಬೇಕು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅಂಕಿ ಹುಡುಕಲು ಬರೆಯುವ `\d` ಕನ್ನಡ ಅಂಕಿಗಳನ್ನೂ ಹಿಡಿಯುತ್ತದೆ, `[0-9]` ಹಿಡಿಯುವುದಿಲ್ಲ. ಸುಮ್ನೆ ಎರಡನೆಯದನ್ನು ಬರೆದವರ ಪಟ್ಟಿಯಲ್ಲಿ ಕನ್ನಡ ಅಂಕಿಯ ಜಾಹೀರಾತುಗಳೆಲ್ಲ ಬೆಲೆಯಿಲ್ಲದೆ ನಿಲ್ಲುತ್ತವೆ.

ಹಂತಹಂತವಾಗಿಯೋ, ಒಂದೇ ಏಟಿಗೋ?

ಈ ವಿಷಯದಲ್ಲಿ ಎರಡು ಪಕ್ಷಗಳಿವೆ. ಒಂದು ಪಕ್ಷ ಇಲ್ಲಿಯವರೆಗೆ ಹೇಳಿದ್ದನ್ನೇ ಹೇಳುತ್ತದೆ: ಓರೆ ತಿದ್ದು, ಕಾಲಂ ಕತ್ತರಿಸು, ಜಾಹೀರಾತು ಬೇರ್ಪಡಿಸು, ಓದು, ಖಾನೆಗೆ ಹಾಕು. ಇನ್ನೊಂದು ಪಕ್ಷದ ಪ್ರಕಾರ ಇದೆಲ್ಲ ಹಳೆಯ ಕಾಲದ ಕಸರತ್ತು. ಚಿತ್ರವನ್ನೂ ಭಾಷೆಯನ್ನೂ ಒಟ್ಟಿಗೆ ಅರಿಯುವ ಎಐ ಮಾದರಿಗೆ ಇಡೀ ಪುಟ ಕೊಡಿ, ಪಟ್ಟಿ ಕೇಳಿ, ಮುಗಿಯಿತು.

ಎರಡನೆಯವರ ಮಾತಿನಲ್ಲಿ ಹುರುಳಿದೆ. '555-0168 ಹೊಲಿಗೆ ಯಂತ್ರದವರದ್ದೇ, ಹಿಂದೆ ಅಲ್ಪವಿರಾಮ ಇದೆಯಲ್ಲ' ಅನ್ನುವ ಅರಿವು ಇಂಥ ಮಾದರಿಗೆ ಸಹಜವಾಗಿ ಬರುತ್ತದೆ. ಮುಂಗಡ ಯಾವುದು, ಬಾಡಿಗೆ ಯಾವುದು ಅಂತ ನಿಯಮ ಬರೆದು ಕೂರಬೇಕಿಲ್ಲ. ಮೊದಲ ಪಕ್ಷದವರು ಹೊಸ ಪತ್ರಿಕೆ ಬಂದಾಗಲೆಲ್ಲ ನಿಯಮ ತಿದ್ದಬೇಕು.

ಆದರೆ ತಪ್ಪಿನ ಸ್ವಭಾವ ಬೇರೆ. ಹಂತಹಂತದ ದಾರಿಯಲ್ಲಿ ಓದಲಾಗದ ನಂಬರ್ '555-0I6' ಅಂತ ಅಂಗಹೀನವಾಗಿ ಬರುತ್ತದೆ, ಕಣ್ಣಿಗೆ ಕುಕ್ಕುತ್ತದೆ. ಒಂದೇ ಏಟಿನ ದಾರಿಯಲ್ಲಿ ಮಾದರಿ ಅದನ್ನು ನೀಟಾಗಿ ಪೂರ್ತಿ ಮಾಡಿಬಿಡಬಹುದು. ದೊಡ್ಡ ಫೋಟೊವನ್ನು ಒಳಗೇ ಕುಗ್ಗಿಸಿಕೊಂಡು ಓದುವ ಮಾದರಿಗಳೂ ಇವೆ, ಆಗ ಕಷ್ಟಪಟ್ಟು ಗಳಿಸಿದ ಪಿಕ್ಸೆಲ್ ಹೋಯಿತು. ಪುಟದ ನಡುವಿನ ಕೆಲವು ಜಾಹೀರಾತನ್ನು ಬಿಟ್ಟೇ ಮುಂದೆ ಹೋದರೂ ಪಟ್ಟಿ ತುಂಬಿದಂತೆಯೇ ಕಾಣುತ್ತದೆ.

ನಡುದಾರಿಯೇ ಮೇಲು ಅನ್ನಿಸುತ್ತದೆ. ಕಾಲಂ ಕತ್ತರಿಸುವುದು, ಜಾಹೀರಾತಿನ ಗಡಿ ಹಾಕುವುದು ಅಳತೆಯ ಕೆಲಸ, ಅದನ್ನು ಅಳತೆಯಿಂದಲೇ ಮಾಡಿ. ಒಂದೊಂದು ಜಾಹೀರಾತಿನ ತುಣುಕು ಚಿತ್ರ ಕೈಗೆ ಬಂದ ಮೇಲೆ, ಅದರೊಳಗಿನ ಅರ್ಥ ಬಿಡಿಸುವುದನ್ನು ಮಾದರಿಗೆ ಬಿಡಿ. ಗಡಿ ಸರಿಯಿದ್ದರೆ ಪಕ್ಕದವರ ನಂಬರ್ ಕದಿಯಲು ಅದಕ್ಕೆ ದಾರಿಯೇ ಇರುವುದಿಲ್ಲ.

ತಪ್ಪು ಹಿಡಿಯುವ ಬಗೆ

ಬಿಟ್ಟುಹೋದದ್ದನ್ನು ಹಿಡಿಯಲು ಒಂದು ಒಳ್ಳೆಯ ಪರೀಕ್ಷೆ ಇದೆ. ಸಿಕ್ಕ ಎಲ್ಲ ಜಾಹೀರಾತಿನ `box` ಜಾಗಕ್ಕೆ ಮೂಲ ಫೋಟೊದಲ್ಲಿ ಬಿಳಿ ಬಳಿಯಿರಿ. ಉಳಿಯಬೇಕಾದ್ದು ವಿಭಾಗದ ತಲೆಬರಹ, ಗೆರೆ ಇಷ್ಟೇ. ಅಲ್ಲೆಲ್ಲಾದರೂ ನಾಲ್ಕು ಸಾಲು ಮಸಿ ಉಳಿದಿದ್ದರೆ ಅದು ಪಟ್ಟಿಗೆ ಬರದ ಜಾಹೀರಾತು.

ಅಂಟಿಕೊಂಡದ್ದನ್ನು ಹಿಡಿಯಲು ಸಾಲು ಎಣಿಸಿ. ಒಂದು ಪುಟದಲ್ಲಿ ಬಹುಪಾಲು ಜಾಹೀರಾತು ಮೂರು ನಾಲ್ಕು ಸಾಲಿನವಾಗಿದ್ದು, ಒಂದೇ ಒಂದು ಹನ್ನೊಂದು ಸಾಲಿದ್ದರೆ ಅದು ಮೂರು ಜಾಹೀರಾತು ಸೇರಿದ್ದಿರಬಹುದು. ನಂಬರಿನಿಂದ ಶುರುವಾಗುವ ಜಾಹೀರಾತು, ನಂಬರೇ ಇಲ್ಲದ ಜಾಹೀರಾತು, ಇವೆರಡೂ ಪಕ್ಕಪಕ್ಕ ಬಂದರೆ ಗಡಿ ಒಂದು ಸಾಲು ಸರಿದಿದೆ ಅಂತಲೇ ತಿಳಿಯಬೇಕು.

ನಂಬರ್‌ಗಳನ್ನು ಎರಡು ಬೇರೆ ಸಾಧನದಿಂದ ಓದಿಸಿ. ಒಂದೇ ಬಂದರೆ ಬಿಡಿ, ಬೇರೆ ಬಂದರೆ ಮನುಷ್ಯರು ತುಣುಕು ಚಿತ್ರ ನೋಡಲಿ. ಎಲ್ಲವನ್ನೂ ನೋಡಬೇಕಿಲ್ಲವಾದ್ದರಿಂದ ಕೆಲಸ ಹಗುರ.

ಪೆಟ್ಟು ಬೀಳುವುದು ಯಾರಿಗೆ?

ಪಟ್ಟಿ ಮಾಡಿದವರಿಗಲ್ಲ. ತಪ್ಪು ನಂಬರ್ ಇರುವವರಿಗೆ, ಯಾವ ಜಾಹೀರಾತನ್ನೂ ಕೊಡದೇ ಇದ್ದವರಿಗೆ, ದಿನವಿಡೀ ಕರೆ ಬರುತ್ತದೆ. ತಿದ್ದಿಸಲು ಯಾರನ್ನು ಕೇಳಬೇಕು ಅನ್ನುವುದೂ ಅವರಿಗೆ ತಿಳಿಯದು.

ಸರಿಯಾದ ನಂಬರೇ ಬಂದರೂ ಪ್ರಶ್ನೆ ಮುಗಿಯುವುದಿಲ್ಲ. ದೂರವಾಣಿ ಡೈರೆಕ್ಟರಿಯಲ್ಲಿರುವ ಬರೀ ಮಾಹಿತಿಗೆ ಕೃತಿಸ್ವಾಮ್ಯ ಇಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1991ರ ಫೈಸ್ಟ್ ಪ್ರಕರಣದಲ್ಲಿ ಹೇಳಿತು. ಐರೋಪ್ಯ ಒಕ್ಕೂಟದ 1996ರ ನಿರ್ದೇಶನ ಬೇರೆ ದಿಕ್ಕು ಹಿಡಿಯಿತು. ಗಣನೀಯ ಹೂಡಿಕೆಯಿಂದ ಕಟ್ಟಿದ ಮಾಹಿತಿ ಸಂಗ್ರಹಕ್ಕೆ ಅದು 15 ವರ್ಷದ ರಕ್ಷಣೆ ಕೊಡುತ್ತದೆ. ಇದು ಪತ್ರಿಕೆಯ ಹಕ್ಕಿನ ಮಾತು. ಜಾಹೀರಾತು ಕೊಟ್ಟವರ ಖಾಸಗಿತನ ಮತ್ತೊಂದು. ಒಂದು ದಿನದ ಪೇಪರಿಗೆ ಅಂತ ನಂಬರ್ ಕೊಟ್ಟವರು, ಯಾರು ಬೇಕಾದರೂ ಹುಡುಕಬಹುದಾದ ಪಟ್ಟಿಯಲ್ಲಿ ಅದು ವರ್ಷಗಟ್ಟಲೆ ಇರಲಿ ಅಂತ ಒಪ್ಪಿರುವುದಿಲ್ಲ. ಪತ್ರಿಕೆಯಲ್ಲಿ ಬಂದ ಮೇಲೆ ಸಾರ್ವಜನಿಕವೇ ಅಲ್ವಾ ಅನ್ನುವ ವಾದ ಇದೆ. ಆದರೆ ಪೇಪರ್ ಮರುದಿನ ರದ್ದಿಗೆ ಹೋಗುತ್ತದೆ, ಪಟ್ಟಿ ಹೋಗುವುದಿಲ್ಲ.

ಹಾಗಾಗಿ ಬೆಲೆ, ಸಂಪರ್ಕದಷ್ಟೇ ಮುಖ್ಯವಾದ ಮೂರನೇ ಖಾನೆ ಒಂದಿದೆ: ಪತ್ರಿಕೆಯ ತಾರೀಖು. ಅದಿದ್ದರೆ ಇಂತಿಷ್ಟು ದಿನವಾದ ಮೇಲೆ ಜಾಹೀರಾತು ತಾನೇ ಅಳಿದುಹೋಗುವ ಹಾಗೆ ಮಾಡಬಹುದು, ಬಾಡಿಗೆಗೆ ಹೋಗಿ ಮೂರು ತಿಂಗಳಾದ ಮನೆಗೆ ಕರೆ ಬರುವುದು ತಪ್ಪುತ್ತದೆ. ತಮಾಷೆ ಏನೆಂದರೆ ತಾರೀಖು ಅಚ್ಚಾಗಿರುವುದು ಪುಟದ ಮೇಲಂಚಿನಲ್ಲಿ. ಪಿಕ್ಸೆಲ್ ಉಳಿಸಲು ಪುಟವನ್ನು ನಾಲ್ಕು ಭಾಗ ಮಾಡಿ ಫೋಟೊ ತೆಗೆದಾಗ, ಕೆಳಗಿನ ಎರಡರಲ್ಲಿ ಅದು ಬರುವುದೇ ಇಲ್ಲ. ಫೋಟೊ ತೆಗೆದವರೇ ಅದನ್ನು ಕೈಯಾರೆ ಬರೆದು ಸೇರಿಸಬೇಕು.